ಹದಿನೈದು ನಿಮಿಷದ ಸಿಸ್ಟರ್

ನಮ್ಮ ಆಸ್ಪತ್ರೆಯ ಹಿಂದುಗಡೆ, ಎಕ್ಸ್‌ರೇ ಕೋಣೆ ದಾಟಿದರೆ, ಉದ್ದನೆಯ ಸಿಮೆಂಟ್ ತೊಟ್ಟಿಯೊಂದಿದೆ. ಅದರ ಮೇಲೆ ನಾಲ್ಕು ನಲ್ಲಿ, ನಲ್ಲಿಗೊಂದರಂತೆ ಸೋಪು, ಎದುರು ಗೋಡೆಯಲ್ಲಿ ಗಡಿಯಾರ. ನಾಯಿ ಕಚ್ಚಿಸಿಕೊಂಡು ಬಂದವರು ಯಾರೇ ಇರಲಿ, ಎಷ್ಟೇ ಅವಸರದಲ್ಲಿರಲಿ, ಡಾಕ್ಟರ ಮುಖ ನೋಡುವ ಮೊದಲು ಆ ತೊಟ್ಟಿಯ ಮುಂದೆ ನಿಂತು ಹದಿನೈದು ನಿಮಿಷ ಗಾಯ ತೊಳೆಯಬೇಕು. ಹದಿನಾಲ್ಕು ನಿಮಿಷ ಅಂದರೆ ನಡೆಯುವುದಿಲ್ಲ. ಹೀಗೆ ಮಾಡಬೇಕು ಅಂತ ಮೇಲಿನವರ ಸುತ್ತೋಲೆಯಲ್ಲೂ ಇದೆ, ಆದರೆ ಸುತ್ತೋಲೆ ಓದುವವರು ಯಾರು? ಅದನ್ನು ನಡೆಸುತ್ತಿದ್ದವರು ಒಬ್ಬ ಕುಳ್ಳಗಿನ, ದಪ್ಪ ಕನ್ನಡಕದ ನರ್ಸು. ಊರಿನ ಅರ್ಧ ಜನಕ್ಕೆ ಅವರ ಹೆಸರು ಗೊತ್ತಿಲ್ಲ. ಹದಿನೈದು ನಿಮಿಷದ ಸಿಸ್ಟರ್ ಅಂದರೆ ಮಾತ್ರ ಎಲ್ಲರಿಗೂ ಗೊತ್ತು.

ನಾನು ಅದೇ ಆಸ್ಪತ್ರೆಯ ಔಷಧಿ ಸ್ಟೋರಿನವನು. ಲಸಿಕೆ ಇಡುವ ಫ್ರಿಜ್ಜಿನ ಬೀಗ ನನ್ನ ಕೈಯಲ್ಲಿ, ನಾಯಿ ಕಡಿತದ ಕೋಣೆಯಲ್ಲಿ ಚೀಟಿ ಬರೆಯುವ ಕೆಲಸವನ್ನೂ ನನ್ನ ತಲೆಗೆ ಕಟ್ಟಿದ್ದರು. ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಮೇಜಿನ ಎರಡು ಕಡೆ ಕೆಲಸ ಮಾಡಿದ್ದೇವೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅದನ್ನು ಮುಚ್ಚಿಡುವ ಆಸೆಯೂ ಇಲ್ಲ. ಸಿಸ್ಟರು ನನ್ನನ್ನು ‘ಸ್ಟೋರಪ್ಪ’ ಎನ್ನುತ್ತಿದ್ದರು. ಫ್ರಿಜ್ಜಿನೊಳಗಿನ ಸೀಸೆಗಳನ್ನು ನನ್ನಪ್ಪನ ಮನೆಯ ಗಂಟಿನ ಹಾಗೆ ಕಾಯುತ್ತೇನೆ ಅಂತ ಅವರ ತಕರಾರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಕಥೆ ಹೇಳಲು ಕೂತವನು ನಾನು ಮಾಡಿದ ತಪ್ಪನ್ನೂ ಹೇಳಲೇಬೇಕು, ಬೇರೆ ದಾರಿಯಿಲ್ಲ.

ಮೊದಲು ಅವರ ಬಗ್ಗೆ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಇನ್ಯಾರೂ ಇಲ್ಲ. ಬೆಳಗ್ಗೆ ತಾಯಿಗೆ ಮೈ ಒರೆಸಿ, ಗಂಜಿ ಕುಡಿಸಿ, ಪಕ್ಕದ ಮನೆಯವರಿಗೆ ಕೀಲಿಕೈ ಕೊಟ್ಟು ಬರುತ್ತಿದ್ದರು. ಊಟ ಯಾವಾಗಲೂ ನಿಂತುಕೊಂಡೇ. ‘ಕೂತ್ಕೊಂಡು ಎರಡು ತುತ್ತು ತಿನ್ನಿ ಸಿಸ್ಟರ್’ ಅಂದರೆ, ‘ಕೂತ್ರೆ ಏಳಕ್ಕೆ ಮನಸ್ಸಾಗಲ್ಲ ಕಣ್ರೀ’ ಎನ್ನುತ್ತಿದ್ದರು. ಎಡಗೈಯಲ್ಲಿ ಡಬ್ಬಿ ಹಿಡಿದು, ಬಲಗೈಯಲ್ಲಿ ತಿನ್ನುತ್ತಾ, ಕಿಟಕಿಯಿಂದ ತೊಟ್ಟಿಯ ಕಡೆ ಕಣ್ಣಿಟ್ಟಿರುತ್ತಿದ್ದರು. ಯಾರಾದರೂ ನಲ್ಲಿ ನಿಲ್ಲಿಸಿದರೆ ಬಾಯಲ್ಲಿ ತುತ್ತಿದ್ದಂತೆಯೇ ಕೂಗುತ್ತಿದ್ದರು.

‘ಯಾರು ನಿಲ್ಸಿದ್ದು? ಇನ್ನೂ ಆರು ನಿಮಿಷ ಇದೆ. ಸೋಪು ಹಾಕಿ.’

ಒಬ್ಬ ಲಾರಿ ಡ್ರೈವರು ಒಮ್ಮೆ, ‘ಅಲ್ಲಾ ಸಿಸ್ಟರ್, ನಾನು ಸ್ನಾನ ಮಾಡಕ್ಕೂ ಇಷ್ಟು ಹೊತ್ತು ತಗೊಳಲ್ಲ’ ಅಂದ. ‘ಅದು ನಿಮ್ಮ ಹತ್ರ ನಿಂತ್ರೆ ಗೊತ್ತಾಗುತ್ತೆ’ ಅಂದರು ಸಿಸ್ಟರು. ಸಾಲಿನಲ್ಲಿದ್ದವರೆಲ್ಲ ನಕ್ಕರು, ಅವನೂ ನಕ್ಕ, ನಗುತ್ತಲೇ ಉಳಿದ ಆರು ನಿಮಿಷ ತೊಳೆದ. ಹಾಗೆ ತೊಳೆಸುವುದರಲ್ಲಿ ಅರ್ಥವಿದೆ. ಹುಚ್ಚುನಾಯಿಯ ಜೊಲ್ಲಿನಲ್ಲಿರುವ ವೈರಸ್ಸಿಗೆ ಮೇಲೊಂದು ಕೊಬ್ಬಿನ ಹೊದಿಕೆ ಇರುತ್ತದಂತೆ. ಸೋಪು ಆ ಹೊದಿಕೆಯನ್ನು ಕರಗಿಸುತ್ತದೆ, ನೀರು ಉಳಿದದ್ದನ್ನು ಕೊಚ್ಚಿಕೊಂಡು ಹೋಗುತ್ತದೆ. ಗಾಯಕ್ಕೆ ಸುಣ್ಣ, ಕಾಫಿಪುಡಿ, ಖಾರದಪುಡಿ ಮೆತ್ತಿಕೊಂಡು ಬಂದವರನ್ನು ಕಂಡರೆ ಸಿಸ್ಟರ ಮುಖ ಗಂಟಿಕ್ಕಿಕೊಳ್ಳುತ್ತಿತ್ತು. ‘ಅಡಿಗೆ ಮಾಡ್ಕೊಂಡು ಬಂದಿದೀರಾ?’ ಎಂದು ಕೇಳಿ, ತಾವೇ ಕೈಗವಸು ಹಾಕಿಕೊಂಡು ತೊಳೆಯಲು ನಿಲ್ಲುತ್ತಿದ್ದರು.

ಆ ವರ್ಷ ಬೇಸಗೆಯ ಹೊತ್ತಿಗೆ ಕೋಣೆಗೆ ದಿನಕ್ಕೆ ಎಪ್ಪತ್ತು ಎಂಬತ್ತು ಜನ ಬರುತ್ತಿದ್ದರು. ಲಸಿಕೆಗೆ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ಇಮ್ಯುನೋಗ್ಲಾಬ್ಯುಲಿನ್‌ಗೆ. ನಾವು ಅದನ್ನು ಸೀರಮ್ ಎನ್ನುತ್ತೇವೆ. ಹೊಸದಾಗಿ ಬಂದವರಿಗೆ ಸಿಸ್ಟರು ಅದನ್ನು ಹೇಳುತ್ತಿದ್ದ ರೀತಿ ನನಗೆ ಬಾಯಿಪಾಠವಾಗಿತ್ತು. ‘ಲಸಿಕೆ ಹಾಕಿದ ತಕ್ಷಣ ಕೆಲಸ ಮಾಡಲ್ಲ. ಅದು ನಿಮ್ಮ ಮೈಗೆ ಪಾಠ ಹೇಳಿಕೊಡುತ್ತೆ, ಮೈ ಕಲಿಯಕ್ಕೆ ಒಂದು ವಾರ, ಹತ್ತು ದಿನ ಬೇಕು. ಅಲ್ಲೀವರೆಗೆ ಗಾಯದಲ್ಲಿರೋ ವೈರಸ್ ಸುಮ್ನೆ ಕೂತಿರುತ್ತಾ? ನರ ಹುಡುಕ್ಕೊಂಡು ಹೊರಡುತ್ತೆ. ಅದಕ್ಕೇ ಬೇರೆ ಕಡೆ ಸಿದ್ಧ ಮಾಡಿದ ರಕ್ಷಣೇನ ಗಾಯದೊಳಗೇ ಚುಚ್ಚಿ ತುಂಬೋದು. ಅದೇ ಸೀರಮ್.’ ರಕ್ತ ಬಂದ ಎಲ್ಲ ಕಡಿತಕ್ಕೂ ಲಸಿಕೆಯ ಜೊತೆಗೆ ಸೀರಮ್ ಬೇಕು. ರಕ್ತ ಬಾರದ ಸಣ್ಣ ಗೀರಿಗೆ ಲಸಿಕೆ ಸಾಕು. ಹಿಂದೆ ಒಮ್ಮೆ ಲಸಿಕೆಯ ಪೂರ್ತಿ ಕೋರ್ಸು ಮುಗಿಸಿದವರಿಗೂ ಸೀರಮ್ ಬೇಡ, ಅವರ ಮೈ ಪಾಠ ಮರೆತಿರುವುದಿಲ್ಲ. ಹೊಸಬರಿಗೆ ಮೊದಲ ದಿನ, ಆ ದಿನವನ್ನು ಸೊನ್ನೆ ಎಂದು ಎಣಿಸಿ ಮೂರನೇ, ಏಳನೇ, ಇಪ್ಪತ್ತೆಂಟನೇ ದಿನ, ಹೀಗೆ ನಾಲ್ಕು ಸಲ ಲಸಿಕೆ. ಅಂಥವರಿಗೆ ಮೊದಲ ದಿನ ಮತ್ತು ಮೂರನೇ ದಿನ ಕೊಟ್ಟರೆ ಮುಗಿಯಿತು. ನಾನು ಎಡವಿದ್ದು ಇಲ್ಲೇ.

ಅದೊಂದು ಮಂಗಳವಾರ. ಫ್ರಿಜ್ಜಿನಲ್ಲಿ ಸೀರಮ್ಮಿನ ಎರಡೇ ಸೀಸೆ ಉಳಿದಿದ್ದವು. ಹೊಸ ಸ್ಟಾಕು ಯಾವಾಗ ಬರುತ್ತದೆ ಅಂತ ಕೇಳಿದರೆ ಮೇಲಿನವರು ‘ಬರುತ್ತೆ’ ಎನ್ನುತ್ತಿದ್ದರು, ಅಷ್ಟೇ. ಬೆಳಗ್ಗೆಯಿಂದ ನನ್ನ ತಲೆ ಕೆಟ್ಟು ಹೋಗಿತ್ತು. ಸಿಸ್ಟರು ಮೇಜಿನ ಹತ್ತಿರ ಇರಲಿಲ್ಲ. ವಾರ್ಡಿನ ಕೊನೆಯ ಕೋಣೆಯಲ್ಲಿ ಅಂಗಡಿ ಬೋರ್ಡು ಬರೆಯುವವನೊಬ್ಬನನ್ನು ಹಿಂದಿನ ಸಂಜೆ ಸೇರಿಸಿದ್ದರು, ಅವನ ಹತ್ತಿರ ಇದ್ದರು.

ಆ ಪೇಂಟರಿಗೆ ಎರಡು ತಿಂಗಳ ಹಿಂದೆ ನಾಯಿಮರಿಯೊಂದು ಹೆಬ್ಬೆರಳು ಕಚ್ಚಿತ್ತಂತೆ. ಮರಿ ತಾನೆ ಎಂದು ಬಟ್ಟೆಯಲ್ಲಿ ಒರೆಸಿಕೊಂಡು ಸುಮ್ಮನಾಗಿದ್ದ. ತೊಳೆದಿಲ್ಲ, ಲಸಿಕೆಯಿಲ್ಲ. ಈಗ ನಾಲ್ಕು ದಿನದಿಂದ ಅದೇ ಬೆರಳು ಜುಮುಜುಮು ಅನ್ನುತ್ತಿದೆ, ಜ್ವರ ಇದೆ ಎಂದು ಬಂದಿದ್ದ. ನೀರಿನ ಲೋಟ ತುಟಿಯ ಹತ್ತಿರ ಬಂದರೆ ಗಂಟಲು ಹಿಡಿದುಕೊಳ್ಳುತ್ತಿತ್ತು. ಫ್ಯಾನಿನ ಗಾಳಿ ಮುಖಕ್ಕೆ ತಾಗಿದರೂ ಮೈಯೆಲ್ಲ ಸೆಳೆಯುತ್ತಿತ್ತು. ಅದರ ನಡುನಡುವೆ ಚೆನ್ನಾಗಿಯೇ ಮಾತಾಡುತ್ತಿದ್ದ. ಅದೇ ನೋಡಲಾಗದ್ದು. ನಾನು ನಿದ್ದೆಯ ಇಂಜೆಕ್ಷನ್ನಿನ ಸೀಸೆ ತಲುಪಿಸಲು ಹೋದಾಗ, ‘ಅಣ್ಣಾ, ಗೇಟಿನ ಬೋರ್ಡಲ್ಲಿ ಒಂದಕ್ಷರ ಸೊಟ್ಟಗಿದೆ, ನಾನು ಹೋಗೋವಾಗ ಸರಿ ಮಾಡಿಕೊಡ್ತೀನಿ’ ಅಂದ. ನಾನು ಆಯ್ತಪ್ಪ ಅಂದೆ. ಬೇರೇನು ಹೇಳಲಿ?

ಹೊರಗೆ ಬಂದು ಸಿಸ್ಟರನ್ನು ಕೇಳಿದೆ. ‘ಈಗ ಲಸಿಕೆ ಹಾಕಿದ್ರೆ ಏನೂ ಆಗಲ್ವಾ? ಸೀರಮ್? ಎರಡು ಸೀಸೇನೂ ಕೊಡ್ತೀನಿ.’

‘ಆಗಲ್ಲ ಸ್ಟೋರಪ್ಪ. ಅದು ನರದ ದಾರಿ ಹಿಡಿದು ಮೆದುಳು ಸೇರಿಬಿಟ್ಟಿದೆ. ಇನ್ನು ನಾವು ಕೊಡೋ ಯಾವುದೂ ಅಲ್ಲಿಗೆ ಹೋಗಿ ಅದನ್ನ ಹಿಡಿಯಲ್ಲ. ನಾನು ಇಂಥ ಹನ್ನೊಂದು ಜನರನ್ನ ನೋಡಿದೀನಿ. ಹನ್ನೊಂದು ಜನಾನೂ ಹೋದ್ರು. ಇವನ್ನ ಕತ್ತಲೆ ಕೋಣೇಲಿ, ಗಾಳಿ ಸದ್ದು ಇಲ್ಲದ ಹಾಗೆ, ನೋವಾಗದ ಹಾಗೆ ನೋಡ್ಕೊಳ್ಳೋದಷ್ಟೇ ನಮ್ಮ ಕೈಲಿರೋದು.’ ಹೇಳಿ ಮತ್ತೆ ಒಳಗೆ ಹೋದರು. ಬಾಗಿಲ ಸಂದಿಗೂ ಬಟ್ಟೆ ತುರುಕಿದ್ದರು.

ನಾನು ಮೇಜಿಗೆ ವಾಪಸ್ಸಾದಾಗ ಸಾಲು ಗೇಟಿನ ತನಕ ಬೆಳೆದಿತ್ತು. ಆ ಸಾಲಿನಲ್ಲಿ ಇಸ್ತ್ರಿಯಮ್ಮ ಇದ್ದಳು. ನೀರಿನ ಟ್ಯಾಂಕಿನ ಹತ್ತಿರ ತಳ್ಳುಗಾಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು, ಐವತ್ತರ ಆಸುಪಾಸು, ಜೋರು ಬಾಯಿ. ಬೀದಿನಾಯಿಯೊಂದು ಬಲಗೈಯ ಎರಡು ಬೆರಳನ್ನು ರಕ್ತ ಬರುವಂತೆ ಕಚ್ಚಿ ಓಡಿಹೋಗಿತ್ತು. ತೊಟ್ಟಿಯಲ್ಲಿ ಹದಿನೈದು ನಿಮಿಷ ತೊಳೆದು, ಅಯೋಡಿನ್ ಹಚ್ಚಿಸಿಕೊಂಡು ನನ್ನ ಮುಂದೆ ಬಂದು ನಿಂತಳು. ಬೆರಳಿನ ಕಡಿತ ಅಂದರೆ ಸೀರಮ್ ಬೇಕೇ ಬೇಕು. ಬೆರಳ ತುದಿಯಲ್ಲಿ ನರಗಳು ದಟ್ಟವಾಗಿರುತ್ತವೆ. ಅದು ನನಗೂ ಗೊತ್ತಿತ್ತು. ಆದರೆ ನನ್ನ ತಲೆ ತುಂಬ ಆ ಎರಡು ಸೀಸೆಗಳೇ ಕೂತಿದ್ದವು.

‘ಹಿಂದೆ ಯಾವಾಗಾದ್ರೂ ಇಂಜೆಕ್ಷನ್ ಆಗಿದೆಯೇನಮ್ಮಾ?’ ಎಂದು ಕೇಳಿದೆ.

‘ಆಗಿದೆಯಪ್ಪಾ. ಐದಾರು ವರ್ಷ ಆಯ್ತು, ಇದೇ ಆಸ್ಪತ್ರೇಲಿ. ಆಗ್ಲೂ ನಾಯೀನೇ. ನಂಗೂ ಅವುಕ್ಕೂ ಏನೋ ಋಣ.’

ನಾನು ಚೀಟಿಯ ಮೇಲೆ ‘ಹಿಂದೆ ಆಗಿದೆ’ ಎಂದು ಬರೆದೆ. ಬರೆಯುವಾಗ ಒಂದು ಸೀಸೆ ಉಳಿಯಿತು ಅಂತ ಸಮಾಧಾನವಾಯಿತು. ಇದನ್ನು ಮುಚ್ಚಿಡುವುದಿಲ್ಲ, ಸಮಾಧಾನವೇ ಆಯಿತು. ಹಳೆಯ ಕಾರ್ಡು ತೋರಿಸಿ ಅನ್ನಬೇಕಿತ್ತು. ಸಿಸ್ಟರ ನಿಯಮ ಅದು. ಕಾರ್ಡಿಲ್ಲದಿದ್ದರೆ ಆಗಿಲ್ಲ ಅಂತಲೇ ಲೆಕ್ಕ. ನಾನು ಕೇಳಲಿಲ್ಲ. ಎಂಬತ್ತು ಜನರ ನಡುವೆ ಡ್ಯೂಟಿ ಡಾಕ್ಟರು ನನ್ನ ಬರಹ ನೋಡಿ ಸಹಿ ಹಾಕಿದರು. ಅವಳ ಎರಡು ತೋಳಿಗೂ ಲಸಿಕೆ ಬಿತ್ತು. ಮೂರನೇ ದಿನ ಬಂದಾಗ ಸಿಸ್ಟರೇ ಚೀಟಿ ನೋಡಿ ಲಸಿಕೆ ಹಾಕಿ, ಮುಗಿಯಿತು ಅಂದರು. ಆ ದಿನ ಬೆಳಗ್ಗೆಯಷ್ಟೇ ಪೇಂಟರು ತೀರಿಕೊಂಡಿದ್ದ. ಸಿಸ್ಟರು ಇಸ್ತ್ರಿಯಮ್ಮನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಐದನೇ ದಿನ ಹೊಸ ಸ್ಟಾಕು ಬಂತು. ಫ್ರಿಜ್ಜಿನ ಎರಡು ತಟ್ಟೆ ತುಂಬ ಸೀರಮ್.

ಮುಂದಿನ ಮಂಗಳವಾರ, ಅಂದರೆ ಏಳನೇ ದಿನ, ಬೆಳಗ್ಗೆ ಹತ್ತೂವರೆ ಇರಬೇಕು. ಸಾಲು ಸ್ವಲ್ಪ ಕರಗಿತ್ತು. ಸಿಸ್ಟರಿಗೆ ಒಂದು ಚಾಳಿ ಇತ್ತು. ಬಿಡುವಾದಾಗಲೆಲ್ಲ ‘ಹಿಂದೆ ಆಗಿದೆ’ ಎಂದಿರುವ ಚೀಟಿಗಳನ್ನು ತೆಗೆದು ಹಳೆಯ ರಿಜಿಸ್ಟರುಗಳ ಜೊತೆ ತಾಳೆ ನೋಡುತ್ತಿದ್ದರು. ನನಗೆ ಅದು ಮೈ ಉರಿಸುವ ಕೆಲಸ. ಬೀರುವಿನಿಂದ ಧೂಳು ಹಿಡಿದ ಪುಸ್ತಕ ಇಳಿಸಬೇಕಾದವನು ನಾನೇ ತಾನೆ. ಅವತ್ತು ಆರು ವರ್ಷದ ಪುಸ್ತಕ ಇಳಿಸಿಕೊಟ್ಟೆ. ಅವರು ಬೆರಳಿಟ್ಟು ಸಾಲು ಸಾಲು ಓದುತ್ತಾ ಹೋದರು. ಮುಗಿಸಿದ ಮೇಲೆ, ‘ಡ್ರೆಸ್ಸಿಂಗ್ ಕೋಣೆಯ ರಿಜಿಸ್ಟರೂ ಕೊಡಿ’ ಅಂದರು.

‘ಅದ್ಯಾಕೆ?’

‘ಕೊಡಿ ಅಂದ್ನಲ್ಲಾ.’

ಅದರಲ್ಲಿ ಸಿಕ್ಕಿತು. ಇಸ್ತ್ರಿಯಮ್ಮನ ಹೆಸರು, ಟ್ಯಾಂಕಿನ ಹತ್ತಿರ ಎಂಬ ವಿಳಾಸ, ನಾಯಿ ಓಡಿಸಿಕೊಂಡು ಬಂದಾಗ ಚರಂಡಿಯ ಕಲ್ಲಿನ ಮೇಲೆ ಬಿದ್ದು ಮೊಣಕಾಲು ತರಚಿದ ಗಾಯ, ಒಂದು ಟಿ.ಟಿ. ಇಂಜೆಕ್ಷನ್. ಧನುರ್ವಾಯುವಿನದು. ನಾಯಿ ಅವಳನ್ನು ಮುಟ್ಟಿಯೇ ಇರಲಿಲ್ಲ. ಸಿಸ್ಟರು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಜನರಿಗೆ ಆಸ್ಪತ್ರೆಯ ಇಂಜೆಕ್ಷನ್ನೆಲ್ಲ ಒಂದೇ. ನಾಯಿಯಿಂದಾದ ಗಾಯಕ್ಕೆ ಹಾಕಿದ್ದು ನಾಯಿ ಇಂಜೆಕ್ಷನ್. ಅವಳು ಸುಳ್ಳು ಹೇಳಿರಲಿಲ್ಲ. ಕೇಳಬೇಕಾದ್ದನ್ನು ಕೇಳದವನು ನಾನು.

‘ಹಾಗಾದ್ರೆ ಇದೇ ಮೊದಲ ಸಲ’ ಅಂದೆ.

‘ಮೊದಲ ಸಲ. ಬೆರಳು, ರಕ್ತ ಬಂದಿದೆ, ಸೀರಮ್ ಇಲ್ಲ, ಲಸಿಕೆ ಅರ್ಧಕ್ಕೆ ನಿಲ್ಸಿದೀವಿ.’ ಅವರು ಗಡಿಯಾರ ನೋಡಿದರು. ‘ಇವತ್ತು ಏಳನೇ ದಿನ. ಸೀರಮ್ ಕೊಡೋದಾದ್ರೆ ಇವತ್ತೇ ಕೊನೆ. ನಾಳೆ ಹೊತ್ತಿಗೆ ಲಸಿಕೆಯಿಂದ ಮೈ ತಾನೇ ರಕ್ಷಣೆ ಮಾಡ್ಕೊಳ್ಳಕ್ಕೆ ಶುರು ಮಾಡಿರುತ್ತೆ, ಆಮೇಲೆ ಕೊಟ್ರೆ ಅದಕ್ಕೇ ಅಡ್ಡಿ. ಇವತ್ತಿನ ಲಸಿಕೇನೂ ಆಗ್ಬೇಕು. ಸ್ಕೂಟರ್ ತಂದಿದೀರಾ?’

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಡಾಕ್ಟರಿಗೆ ವಿಷಯ ಹೇಳಿ, ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು. ಚೀಟಿಯಲ್ಲಿದ್ದ ಫೋನ್ ನಂಬರಿಗೆ ನಾನು ಮೂರು ಸಲ ಮಾಡಿದೆ. ಸ್ವಿಚ್ ಆಫ್.

ಟ್ಯಾಂಕಿನ ಹತ್ತಿರ ಅವಳ ಗಾಡಿ ಇತ್ತು, ಅವಳಿರಲಿಲ್ಲ. ಗಾಡಿಗೆ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದಿತ್ತು. ಪಕ್ಕದಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು ತಲೆಯೆತ್ತದೆಯೇ, ‘ನಾಲ್ಕು ದಿನ ಆಯ್ತು, ಬರ್ತಿಲ್ಲ. ಮಗಳ ಮನೆಗೆ ಹೋಗಿರ್ಬೇಕು’ ಅಂದ. ಮಗಳ ಮನೆ ಎಲ್ಲಿ? ಗೊತ್ತಿಲ್ಲ. ಯಾರಿಗೆ ಗೊತ್ತು? ಹಿಂದಿನ ಬೀದಿಯ ಹಾಲಿನಂಗಡಿಯವಳಿಗೆ. ಹಾಲಿನಂಗಡಿ ಬಾಗಿಲು ಹಾಕಿತ್ತು. ಬಡಿದೆವು. ಮೇಲಿನ ಮನೆಯವರು ಇಣುಕಿ, ಅವಳು ಊಟಕ್ಕೆ ಹೋಗಿದ್ದಾಳೆ, ಮೂರು ಗಂಟೆಗೆ ಬರುತ್ತಾಳೆ ಅಂದರು. ಆಗ ಗಂಟೆ ಹನ್ನೆರಡು. ಸಿಸ್ಟರು ಅಂಗಡಿಯವಳ ಮನೆ ಕೇಳಿದರು. ಮೂರನೇ ತಿರುವು, ನೀಲಿ ಬಾಗಿಲು. ಆ ಓಣಿಯಲ್ಲಿ ನೀಲಿ ಬಾಗಿಲು ನಾಲ್ಕಿದ್ದವು. ನಾಲ್ಕನ್ನೂ ತಟ್ಟಿದೆವು.

ಬಿಸಿಲು ನೆತ್ತಿ ಸುಡುತ್ತಿತ್ತು. ಸ್ಕೂಟರಿನ ಹಿಂದೆ ಕೂತ ಸಿಸ್ಟರು ಒಂದು ಮಾತೂ ಆಡುತ್ತಿರಲಿಲ್ಲ. ನಾನೇ ತಡೆಯಲಾರದೆ ಅಂದೆ, ‘ಸಿಸ್ಟರ್, ಏನಾದ್ರೂ ಅನ್ನಿ.’

‘ಏನನ್ಲಿ? ಮೂರನೇ ದಿನ ಅವಳು ನನ್ನ ಮುಂದೇನೇ ಕೂತಿದ್ಲು. ಕಾರ್ಡೆಲ್ಲಮ್ಮಾ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು. ನಾನೂ ಕೇಳ್ಲಿಲ್ಲ. ರಸ್ತೆ ನೋಡಿ ಓಡ್ಸಿ.’

ಹಾಲಿನಂಗಡಿಯವಳು ಕೈತೊಳೆಯುತ್ತಾ ಹೇಳಿದಳು, ಮಗಳ ಮನೆಗಲ್ಲ, ಬಸ್ ನಿಲ್ದಾಣದ ಹಿಂದಿನ ದೊಡ್ಡ ಲಾಡ್ಜಿನಲ್ಲಿ ಹಾಸಿಗೆ ಹೊದಿಕೆ ಇಸ್ತ್ರಿ ಮಾಡುವ ಕೆಲಸ ಸಿಕ್ಕಿದೆ ಅಂತ. ಅಲ್ಲಿಂದ ಲಾಡ್ಜಿಗೆ. ಮ್ಯಾನೇಜರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ‘ಕೆಲಸದ ಹೊತ್ತಲ್ಲಿ ಯಾರನ್ನೂ ಬಿಡಲ್ಲ’ ಅಂದ. ನನ್ನ ಸಿಟ್ಟು ಹೊರಬೀಳಲು ಜಾಗ ಹುಡುಕುತ್ತಿತ್ತು. ಬಾಯಿ ತೆರೆಯುವುದರೊಳಗೆ ಸಿಸ್ಟರು ನನ್ನ ತೋಳು ಹಿಡಿದರು.

‘ನೋಡಪ್ಪಾ, ನಾವು ಹತ್ತು ನಿಮಿಷ ಮಾತಾಡ್ತೀವಿ. ಬಿಡ್ಲಿಲ್ಲ ಅಂದ್ರೆ ಸಾಯಂಕಾಲದವರೆಗೂ ಇಲ್ಲೇ ನಿಂತಿರ್ತೀವಿ. ಬಂದ ಗಿರಾಕಿಗಳು ಆಸ್ಪತ್ರೆಯವರು ಯಾಕೆ ಬಂದಿದಾರೆ ಅಂತ ಕೇಳಿದ್ರೆ ನೀನೇ ಉತ್ತರ ಕೊಡು.’

ಮ್ಯಾನೇಜರು ಮೆಟ್ಟಿಲ ಕಡೆ ಕೈ ತೋರಿಸಿದ.

ನೆಲಮಾಳಿಗೆಯ ಕೋಣೆ. ಆಳೆತ್ತರ ಬಿಳಿ ಹೊದಿಕೆಗಳ ರಾಶಿ, ಆವಿ, ಒದ್ದೆ ಬಟ್ಟೆಯ ವಾಸನೆ. ಇಸ್ತ್ರಿಯಮ್ಮ ಬೆವರಿನಲ್ಲಿ ತೊಯ್ದು ನಿಂತಿದ್ದಳು. ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು, ಅದೇ ಕೈಯಲ್ಲಿ ಇಸ್ತ್ರಿಪೆಟ್ಟಿಗೆ. ನಮ್ಮನ್ನು ಕಂಡು ನಕ್ಕಳು.

‘ಇದೇನು, ಆಸ್ಪತ್ರೇನೇ ನನ್ನ ಹುಡುಕ್ಕೊಂಡು ಬಂತು?’

‘ಬಾರಮ್ಮಾ, ಇನ್ನೊಂದು ಇಂಜೆಕ್ಷನ್ ಇದೆ, ಈಗ್ಲೇ ಹೋಗಣ’ ಅಂದೆ ನಾನು. ವಿಷಯ ಹೇಳದೆ ಮುಗಿಸಿಬಿಡುವ ಆಸೆ ನನಗೆ.

‘ಎರಡಾಯ್ತು, ಮುಗೀತು ಅಂದ್ರಲ್ಲ. ಈಗ ಇನ್ನೊಂದಾ? ಸಂಜೆ ಆರಕ್ಕೆ ನೂರೈವತ್ತು ಹೊದಿಕೆ ಮೇಲಕ್ಕೆ ಹೋಗ್ಬೇಕು. ಸೇರಿ ನಾಲ್ಕು ದಿನ ಆಗಿಲ್ಲ, ಈಗ ಬಿಟ್ಟು ಬಂದ್ರೆ ನಾಳೆ ಬರ್ಬೇಡ ಅಂತಾರೆ. ನಾಳೆ ಬರ್ತೀನಿ.’

‘ನಾಳೆ ಆಗಲ್ಲಮ್ಮಾ.’

‘ಯಾಕಾಗಲ್ಲ? ನಿಮ್ಮಾಸ್ಪತ್ರೆ ಓಡಿಹೋಗುತ್ತಾ?’ ಅವಳು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.

ನಾನು ಏನೋ ಸಬೂಬು ಹೇಳಲು ಹೊರಟಿದ್ದೆ, ಹೊಸ ಆದೇಶ ಬಂದಿದೆ ಅಂತಲೋ ಏನೋ. ಸಿಸ್ಟರು ಮುಂದೆ ಹೋಗಿ ಗೋಡೆಯ ಸ್ವಿಚ್ ಆರಿಸಿದರು. ಆಮೇಲೆ ಹೊದಿಕೆಯ ರಾಶಿಯ ಮೇಲೆ ಕೂತರು. ಹನ್ನೊಂದು ವರ್ಷದಲ್ಲಿ ಕೆಲಸ ಅರ್ಧಕ್ಕೆ ಬಿಟ್ಟು ಅವರು ಹಾಗೆ ಕೂತಿದ್ದನ್ನು ನಾನು ಕಂಡದ್ದು ಅದೇ ಮೊದಲು.

‘ತಪ್ಪು ನಮ್ಮದು’ ಅಂದರು. ‘ಆವತ್ತು ನಿಂಗೆ ಬೆರಳಿಗೆ ಒಂದು ಔಷಧಿ ಚುಚ್ಚಬೇಕಾಗಿತ್ತು. ನಿಂಗೆ ಹಿಂದೆ ನಾಯಿ ಇಂಜೆಕ್ಷನ್ ಆಗಿದೆ ಅಂದ್ಕೊಂಡು ಚುಚ್ಚಲಿಲ್ಲ. ಆಗಿದ್ದು ಅದಲ್ಲ, ಬಿದ್ದ ಗಾಯದ್ದು. ಪುಸ್ತಕ ನೋಡಿ ಇವತ್ತು ಗೊತ್ತಾಯ್ತು. ಇವರೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ. ಅದನ್ನ ಕೊಡಕ್ಕೆ ಇವತ್ತೇ ಕೊನೇ ದಿನ.’

ಇಸ್ತ್ರಿಯಮ್ಮ ನನ್ನನ್ನೇ ನೋಡಿದಳು. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ.

‘ಅಮ್ಮಾ, ಬರೆದಿದ್ದು ನಾನೇ’ ಅಂದೆ. ‘ಔಷಧಿ ಕಡಿಮೆ ಇತ್ತು, ಉಳಿಸೋ ಹುಚ್ಚಲ್ಲಿ ಪೂರ್ತಿ ಕೇಳ್ಲಿಲ್ಲ.’

‘ಕೊಡದೇ ಇದ್ರೆ ಏನಾಗುತ್ತೆ?’

‘ಏನೂ ಆಗದೇನೂ ಇರಬಹುದು’ ಅಂದರು ಸಿಸ್ಟರು. ‘ಆ ನಾಯಿಗೆ ಹುಚ್ಚಿತ್ತೋ ಇಲ್ವೋ ನಮಗೆ ಗೊತ್ತಿಲ್ಲ. ಅದು ಓಡಿಹೋಗಿದೆ. ಇದ್ದಿದ್ರೆ, ಮತ್ತೆ ಅದು ಬೆರಳಿಂದ ಮೆದುಳಿಗೆ ಹೋದ್ರೆ, ಆಮೇಲೆ ನಾನಲ್ಲ, ಯಾರೂ ಏನೂ ಮಾಡಕ್ಕಾಗಲ್ಲ. ಹೋದ ವಾರ ಒಬ್ಬ ಪೇಂಟರು ನನ್ನ ಕೈಯಲ್ಲೇ ಹೋದ. ಬಾಯಾರಿಕೆ ಅವನಿಗೆ, ನೀರು ಕಣ್ಣೆದುರಿಗೇ ಇದೆ, ಕುಡಿಯಕ್ಕಾಗಲ್ಲ. ಅವನ ಹತ್ರ ನಾನು ಮೂರು ದಿನ ಕೂತಿದ್ದೆ. ನಿನ್ನ ಹತ್ರ ಹಾಗೆ ಕೂರೋ ಶಕ್ತಿ ನಂಗಿಲ್ಲ ತಾಯಿ.’

ಅವರ ಕಣ್ಣಲ್ಲಿ ನೀರು ತುಂಬಿತ್ತು. ಆವಿಯಿಂದ ಮಂಜಾದ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಇಸ್ತ್ರಿಯಮ್ಮ ಅರ್ಧ ಮಡಿಸಿದ್ದ ಹೊದಿಕೆಯನ್ನು ಪೂರ್ತಿ ಮಡಿಸಿಟ್ಟು, ಮುಖ ಒರೆಸಿಕೊಂಡು, ‘ನಡೀರಿ’ ಅಂದಳು. ಮೆಟ್ಟಿಲ ಬಳಿ ನನ್ನ ಕಡೆ ತಿರುಗಿ, ‘ನಿನ್ನ ಔಷಧಿ ಉಳೀತೇನಪ್ಪಾ?’ ಅಂದಳು. ನಾನು ಆ ಮಾತಿಗೆ ಅರ್ಹನೇ.

ಆಸ್ಪತ್ರೆ ಸೇರಿದಾಗ ಎರಡೂಕಾಲು. ಡಾಕ್ಟರು ಬೆರಳು ಬಿಚ್ಚಿ ನೋಡಿದರು. ಗಾಯದ ಮೇಲೆ ಹಕ್ಕಳೆ ಕಟ್ಟಿತ್ತು. ಸೋಪು ನೀರಲ್ಲಿ ಮತ್ತೆ ಮೆತ್ತಗೆ ತೊಳೆಸಿದರು. ತೂಕ ನೋಡಿ ಸೀರಮ್ಮಿನ ಪ್ರಮಾಣ ಲೆಕ್ಕ ಹಾಕಿದರು. ಅದು ಕುದುರೆಯ ರಕ್ತದಿಂದ ಮಾಡಿದ್ದು, ಕೆಲವರ ಮೈಗೆ ಒಗ್ಗುವುದಿಲ್ಲ. ಹಾಗಾದರೆ ಕೊಡಬೇಕಾದ ಔಷಧಿಯನ್ನು ಪಕ್ಕದಲ್ಲೇ ಸಿದ್ಧ ಮಾಡಿಟ್ಟುಕೊಂಡರು. ನಾನೇ ಫ್ರಿಜ್ಜಿನಿಂದ ಸೀಸೆ ತಂದೆ. ಈ ಸಲ ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಿ ಎಂದು ಎರಡೆರಡು ಸಲ ಅಂದೆ. ಬೆರಳಲ್ಲಿ ಹೆಚ್ಚು ಜಾಗವಿರುವುದಿಲ್ಲ. ಒತ್ತಿ ತುಂಬಿದರೆ ರಕ್ತದ ಓಡಾಟವೇ ನಿಂತು ಬೆರಳು ಹೋಗುತ್ತದೆ. ಸಿಸ್ಟರು ಸಣ್ಣ ಸೂಜಿಯಿಂದ ಪ್ರತಿ ಹಲ್ಲಿನ ಗುರುತಿನ ಒಳಗೂ ಸುತ್ತಲೂ ಒಂದೊಂದು ಹನಿಯಂತೆ, ಬೆರಳ ಬಣ್ಣ ನೋಡಿಕೊಂಡು ಚುಚ್ಚಿದರು. ಆ ನೋವು ಸಾಮಾನ್ಯದ್ದಲ್ಲ. ಇಸ್ತ್ರಿಯಮ್ಮ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದು ಉಗುರು ಊರಿದಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ತೋಳುಗಳಿಗೆ ಏಳನೇ ದಿನದ ಲಸಿಕೆ. ಅಡ್ಡಪರಿಣಾಮ ಏನಾದರೂ ಆಗುತ್ತದೋ ಎಂದು ಒಂದು ಗಂಟೆ ಕೂರಿಸಿದರು. ಏನೂ ಆಗಲಿಲ್ಲ. ಇಪ್ಪತ್ತೆಂಟನೇ ದಿನ ಕೊನೆಯದು, ಮರೆಯಬೇಡ ಅಂತ ಸಿಸ್ಟರು ಬೆರಳಿನ ಬ್ಯಾಂಡೇಜಿನ ಮೇಲೇ ತಾರೀಖು ಬರೆದರು. ಇಸ್ತ್ರಿಯಮ್ಮ ಲಾಡ್ಜಿಗೆ ವಾಪಸ್ಸು ಹೋದಾಗ ಮ್ಯಾನೇಜರು ಗೊಣಗಿದನಂತೆ, ಕೆಲಸದಿಂದ ಮಾತ್ರ ತೆಗೆಯಲಿಲ್ಲ.

ಅವಳು ಹೋದ ಮೇಲೆ ಕೇಳಿದೆ, ‘ಇನ್ನು ಭಯ ಇಲ್ಲ ತಾನೆ?’

‘ಮೊದಲ ದಿನ ಚೆನ್ನಾಗಿ ತೊಳೆದಿದಾಳೆ. ಲಸಿಕೆ ತಪ್ಪಿಲ್ಲ. ಸೀರಮ್ ತಡ ಆಯ್ತು, ಆದ್ರೂ ಹೊತ್ತು ಮೀರೋ ಮುಂಚೆ ಆಯ್ತು. ಏನೂ ಆಗಲ್ಲ ಅಂತಾನೇ ನಂಬಿಕೆ. ಬರೆದುಕೊಡು ಅಂದ್ರೆ ಬರೆದುಕೊಡಲ್ಲ. ಸಾಮಾನ್ಯವಾಗಿ ಎರಡು ಮೂರು ತಿಂಗಳೊಳಗೆ ಕಾಣಿಸ್ಕೊಳ್ಳುತ್ತೆ. ಕೆಲವು ಸಲ ವರ್ಷ ಆಗುತ್ತೆ.’

ಆ ಎರಡು ಮೂರು ತಿಂಗಳು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಮನೆಯಲ್ಲಿ ಹೆಂಡತಿ, ‘ನಿಮಗೇನು ದೆವ್ವ ಹಿಡಿದಿದೆಯಾ?’ ಅಂದಳು. ಊಟಕ್ಕೆ ಕೂತರೆ ಎದ್ದು ಹೋಗುವುದು, ಎದ್ದರೆ ಎಲ್ಲಿಗೆಂದು ಗೊತ್ತಾಗದೆ ನಿಲ್ಲುವುದು. ಯಾರಾದರೂ ಕೆಮ್ಮಿದರೂ ಪೇಂಟರ ಗಂಟಲೇ ನೆನಪಾಗುತ್ತಿತ್ತು. ಫೋನ್ ಬಂದರೆ ಲಾಡ್ಜಿನಿಂದಲೇ ಇರಬೇಕು ಅನ್ನಿಸುತ್ತಿತ್ತು. ಇಪ್ಪತ್ತೆಂಟನೇ ದಿನ ಇಸ್ತ್ರಿಯಮ್ಮ ಬಂದು ಕೊನೆಯ ಲಸಿಕೆ ಹಾಕಿಸಿಕೊಂಡು, ಸಿಸ್ಟರ ಜೊತೆ ಹರಟಿ ಹೋದಳು. ಆಗ ಒಂದು ವಾರ ನಿದ್ದೆ ಬಂತು. ಮತ್ತೆ ಹೋಯಿತು.

ಎಪ್ಪತ್ತನೇ ದಿನವೋ ಎಪ್ಪತ್ತೊಂದನೆಯದೋ, ಬೆಳಗ್ಗೆ ಕೋಣೆಯ ಬಾಗಿಲು ತೆರೆಯುವುದರೊಳಗೆ ಇಸ್ತ್ರಿಯಮ್ಮ ಬಂದು ನಿಂತಿದ್ದಳು. ಮುಖ ಬಾಡಿತ್ತು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು.

‘ಸಿಸ್ಟರ್, ಆ ಬೆರಳು ರಾತ್ರಿಯಿಂದ ಜುಮುಜುಮು ಅಂತಿದೆ. ಮೈ ಬಿಸಿ ಆಗಿದೆ.’

ನನ್ನ ಕೈಯಲ್ಲಿದ್ದ ಚೀಟಿಗಳೆಲ್ಲ ನೆಲಕ್ಕೆ ಬಿದ್ದವು. ಸಿಸ್ಟರು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದರು. ಅರ್ಧ ನೀರು ಮೇಜಿನ ಮೇಲೆ ಚೆಲ್ಲಿತು.

‘ಕುಡಿಯಮ್ಮಾ’ ಅಂದರು.

ಇಸ್ತ್ರಿಯಮ್ಮ ಲೋಟ ತೆಗೆದುಕೊಂಡು ಗಟಗಟನೆ ಕುಡಿದಳು. ‘ಇನ್ನೊಂದು ಕೊಡಿ’ ಅಂದಳು. ಅದನ್ನೂ ಕುಡಿದಳು. ನಾನು ಫ್ಯಾನು ಜೋರು ಮಾಡಿದೆ. ಅವಳು ಗಾಳಿಗೆ ಮುಖವೊಡ್ಡಿ, ‘ಅಬ್ಬಾ, ಹಾಯಾಯ್ತು’ ಅಂದಳು. ಡಾಕ್ಟರು ಬಂದು ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಹಳೆಯ ಕಡಿತದ ಪಕ್ಕ, ಉಗುರಿನ ಅಂಚಿನಲ್ಲಿ, ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟು ಕೀವು ಕಟ್ಟಿತ್ತು. ಸಣ್ಣದಾಗಿ ಕೊಯ್ದು ಕೀವು ತೆಗೆದರು. ನಾಲ್ಕು ದಿನ ತಪ್ಪದೆ ಬಂದು ತೋರಿಸಬೇಕು, ನೀರು ನುಂಗಲು ಒಂಚೂರು ಕಷ್ಟವಾದರೂ ಅದೇ ಕ್ಷಣ ಬರಬೇಕು ಅಂದರು. ನಾಲ್ಕು ದಿನವೂ ಬಂದಳು. ಮೂರನೇ ದಿನಕ್ಕೆ ಜ್ವರ ಬಿಟ್ಟಿತ್ತು, ಜುಮುಜುಮು ಹೋಗಿತ್ತು, ಬಾಯಿ ಮೊದಲಿನ ಹಾಗೆ ಜೋರಾಗಿತ್ತು.

ನಾಲ್ಕನೇ ದಿನ ಡ್ರೆಸ್ಸಿಂಗ್ ಮುಗಿದ ಮೇಲೆ ನಾನು ಕೇಳಿಯೇಬಿಟ್ಟೆ. ‘ಅಲ್ಲಮ್ಮಾ, ಲಾಡ್ಜಿನ ಪಕ್ಕದಲ್ಲೇ ಎಷ್ಟೊಂದು ಕ್ಲಿನಿಕ್ ಇದೆ. ನಾವು ಒಂದು ಸಲ ನಿನ್ನ ಜೀವಕ್ಕೇ ಸಂಚಕಾರ ತಂದಿದ್ವಿ. ಅಷ್ಟು ದೂರದಿಂದ ಜ್ವರದಲ್ಲಿ ನಮ್ಮ ಹತ್ರಾನೇ ಯಾಕೆ ಬಂದೆ?’

ಅವಳು ಹೊಸ ಪಟ್ಟಿ ಸುತ್ತಿದ ಬೆರಳನ್ನು ತಿರುಗಿಸಿ ನೋಡಿಕೊಂಡಳು.

‘ಬೇರೆಯವರು ಏನೂ ಇಲ್ಲ ಹೋಗು ಅಂದ್ರೆ ನಾನು ಹೆಂಗೆ ನಂಬ್ಲಿ? ನೀವು ತಪ್ಪಾಗಿದೆ ಅಂತ ನೆಲಮಾಳಿಗೆಗೆ ಬಂದು ಹೇಳಿದೋರು. ಏನೂ ಇಲ್ಲ ಅಂತ ನೀವಂದ್ರೆ ಏನೂ ಇಲ್ಲ.’

ಸಿಸ್ಟರು ಮುಖ ತಿರುಗಿಸಿಕೊಂಡು ಸೂಜಿಗಳ ತಟ್ಟೆ ಜೋಡಿಸುತ್ತಾ ನಿಂತರು. ನನಗೆ ಮಾತ್ರ ತಡೆಯಲಾಗಲಿಲ್ಲ. ಸಾಲಿನಲ್ಲಿ ನಿಂತಿದ್ದ ಮೂವತ್ತು ಜನರ ಎದುರಿಗೇ, ಐವತ್ನಾಲ್ಕು ವರ್ಷದ ಗಂಡಸು, ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.